೧೨೩ ಬರೆಯಬೇಕಾ, 123 ಬರೆಯಬೇಕಾ? ಬಾಡಿಗೆ ಕರಾರು ಪತ್ರದ ಲೆಕ್ಕದಲ್ಲಿ ಅಂಕಿ, ದಿನಾಂಕ, ಹಣ

ಕನ್ನಡದಲ್ಲಿ ಬಾಡಿಗೆ ಕರಾರು ಪತ್ರ ಬರೆಯಲು ಕೂತರೆ ಭಾಷೆ ಅಷ್ಟು ಕಾಡುವುದಿಲ್ಲ. ‘ಮಾಲೀಕರು’, ‘ಬಾಡಿಗೆದಾರರು’, ‘ಮುಂಗಡ ಹಣ’ ಎಲ್ಲವೂ ಸಲೀಸಾಗಿ ಬರುತ್ತವೆ. ಕೈ ನಿಲ್ಲುವುದು ಮೊದಲ ಅಂಕಿ ಬಂದಾಗ. ೧೮,೫೦೦ ಅಂತ ಹಾಕಬೇಕಾ, 18,500 ಅಂತಲಾ? ‘ರೂ.’ ಸರಿಯಾ, ‘₹’ ಸರಿಯಾ? ಕೊನೆಗೆ ‘/-’ ಬೇಕಾ? ದಿನಾಂಕದ ನಡುವೆ ಚುಕ್ಕಿಯಾ, ಗೆರೆಯಾ?

ಈ ಬರಹಕ್ಕೆ ಒಂದೇ ಕಾಗದವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಹನ್ನೊಂದು ತಿಂಗಳ ಮನೆ ಬಾಡಿಗೆ ಕರಾರು. ತಿಂಗಳ ಬಾಡಿಗೆ ಹದಿನೆಂಟೂವರೆ ಸಾವಿರ, ಮುಂಗಡ ಒಂದೂವರೆ ಲಕ್ಷ, 2025ರ ನವೆಂಬರ್ ಒಂದರಿಂದ ಶುರು. ಇದರಲ್ಲಿ ದಿನಾಂಕವಿದೆ, ಹಣವಿದೆ, ಶೇಕಡಾವಾರು ಇದೆ, ಬ್ಯಾಂಕ್ ಖಾತೆ ಸಂಖ್ಯೆ ಇದೆ. ಇಲ್ಲಿ ಕೆಲಸ ಮಾಡುವ ಪದ್ಧತಿ ಸಂಘದ ನಡಾವಳಿಗೂ, ರಸೀದಿಗೂ, ಕಚೇರಿಗೆ ಬರೆಯುವ ಅರ್ಜಿಗೂ ಹೆಚ್ಚುಕಡಿಮೆ ಹಾಗೇ ಒಗ್ಗುತ್ತದೆ.

ಹೆಜ್ಜೆ 1: ಈ ಅಂಕಿಯನ್ನು ಮುಂದೆ ಯಾರು ಏನು ಮಾಡುತ್ತಾರೆ ಅಂತ ಕೇಳಿಕೊಳ್ಳಿ

ಮೊದಲು ಒಂದು ಗೊಂದಲ ಬಿಡಿಸೋಣ. ಸಂವಿಧಾನದ 343ನೇ ವಿಧಿ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ವನ್ನು, ಅಂದರೆ 1, 2, 3 ಅನ್ನು ಬಳಸಬೇಕು ಅನ್ನುವುದು ಕೇಂದ್ರ ಸರ್ಕಾರದ ಅಧಿಕೃತ ಕೆಲಸಗಳಿಗೆ. ಇಬ್ಬರು ವ್ಯಕ್ತಿಗಳ ನಡುವಿನ ಕನ್ನಡ ಕರಾರಿಗೆ ಅದು ಅನ್ವಯಿಸುವುದಿಲ್ಲ. ಕರ್ನಾಟಕ ರಾಜ್ಯಪತ್ರದ ತಲೆಬರಹವನ್ನೇ ನೋಡಿ, ಸಂಪುಟ ಸಂಖ್ಯೆ, ತಾರೀಖು ಕನ್ನಡ ಅಂಕಿಯಲ್ಲಿ ಅಚ್ಚಾಗಿರುತ್ತವೆ. ಸಾರಿಗೆ ಬಸ್ಸುಗಳ ಮೇಲೂ ಕನ್ನಡ ಅಂಕಿಯ ಸಂಖ್ಯೆ ಕಾಣುತ್ತದೆ. ಆದರೆ ಅದೇ ಬಸ್ಸಿಗೆ ಸಾಮಾನ್ಯ ಅಂಕಿಯ ನೋಂದಣಿ ಫಲಕವೂ ಇರಲೇಬೇಕು. ಮೋಟಾರು ವಾಹನ ನಿಯಮಗಳು ಫಲಕದ ಅಂಕಿ ಹೇಗಿರಬೇಕು ಅಂತ ಹೇಳಿಬಿಟ್ಟಿವೆ.

ಬಸ್ಸಿನ ಆ ಎರಡು ಫಲಕಗಳಲ್ಲೇ ನಮ್ಮ ಪ್ರಶ್ನೆಗೆ ಉತ್ತರದ ಸುಳಿವಿದೆ. ಜನ ಓದುವ ಅಂಕಿ ಬೇರೆ, ದಾಖಲೆಯಿಂದ ದಾಖಲೆಗೆ ನಕಲಾಗುವ ಅಂಕಿ ಬೇರೆ. ಆದ್ದರಿಂದ ಪ್ರತಿ ಅಂಕಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿ ಬಿಡುತ್ತಾರಾ, ಇಲ್ಲಾ ಇನ್ನೊಂದು ಕಡೆ ಟೈಪ್ ಮಾಡುತ್ತಾರಾ?

ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಪ್ಯಾನ್, ಮೊಬೈಲ್ ನಂಬರು, ಪಿನ್ ಕೋಡ್, ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಇವೆಲ್ಲ ಟೈಪ್ ಆಗುವ ಅಂಕಿಗಳು. ಇವುಗಳನ್ನು ಎಂದೂ ಕನ್ನಡ ಅಂಕಿಗೆ ತಿರುಗಿಸಬೇಡಿ. ಮೂಲದಲ್ಲಿ ಹೇಗಿದೆಯೋ ಹಾಗೇ ಇರಲಿ. ಹಣ ಕಳಿಸುವವರು ೪ ನೋಡಿ 8 ಒತ್ತಿದರೆ ದುಡ್ಡು ಇನ್ಯಾರದೋ ಖಾತೆಗೆ ಹೋಗುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಕನ್ನಡದ ೪ಕ್ಕೂ ಸಾಮಾನ್ಯ ಅಂಕಿಯ 8ಕ್ಕೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಸಣ್ಣ ಬಿರುಕು ಅಷ್ಟೆ. ಮೂರನೇ ಜೆರಾಕ್ಸ್ ಪ್ರತಿಯಲ್ಲಿ ಆ ಬಿರುಕೂ ಮುಚ್ಚಿಹೋಗುತ್ತದೆ.

ಆಹ್ವಾನ ಪತ್ರಿಕೆ, ಅಭಿನಂದನಾ ಪತ್ರ, ಫಲಕ, ಸ್ಮರಣ ಸಂಚಿಕೆ ಇವೆಲ್ಲ ಓದಿ ಬಿಡುವಂಥವು. ಇಲ್ಲಿ ಧಾರಾಳವಾಗಿ ಕನ್ನಡ ಅಂಕಿ ಹಾಕಿ. ನೋಡಲೂ ಚೆಂದ, ಯಾರಿಗೂ ತೊಂದರೆ ಇಲ್ಲ.

ಕರಾರು ಪತ್ರ ಇವೆರಡರ ನಡುವೆ ಬರುತ್ತದೆ. ಬಾಡಿಗೆ ಮೊತ್ತ, ಅವಧಿ, ದಿನಾಂಕಗಳನ್ನು ಹೆಚ್ಚಾಗಿ ಓದುತ್ತಾರೆ, ಆದರೆ ಅಗತ್ಯ ಬಿದ್ದಾಗ ಆಡಿಟರು, ವಕೀಲರು, ಬ್ಯಾಂಕಿನವರು ನಕಲು ಮಾಡಿಕೊಳ್ಳುತ್ತಾರೆ. ಬಾಡಿಗೆದಾರರು ಬೇರೆ ರಾಜ್ಯದವರಾಗಿದ್ದು ಕನ್ನಡ ಅಂಕಿ ಗೊತ್ತಿಲ್ಲದಿರಲೂಬಹುದು. ನನ್ನ ಒಲವು ಇಲ್ಲಿ ಸಾಮಾನ್ಯ ಅಂಕಿಯ ಕಡೆಗೆ. ಇಬ್ಬರೂ ಕನ್ನಡ ಅಂಕಿಯೇ ಬೇಕು ಅಂದರೆ ಹಾಕಬಹುದು, ತಪ್ಪೇನಿಲ್ಲ. ಕರಾರಿನ ಬಲ ಅಂಕಿಯ ಲಿಪಿಯಲ್ಲಿಲ್ಲ, ಅದರ ಪಕ್ಕದಲ್ಲಿ ಅಕ್ಷರದಲ್ಲಿ ಬರೆದ ಮೊತ್ತದಲ್ಲಿದೆ. ಅದಕ್ಕೆ ಆಮೇಲೆ ಬರೋಣ.

ಹೆಜ್ಜೆ 2: ಒಂದನ್ನು ಆರಿಸಿದ ಮೇಲೆ ಬೆರಕೆ ಮಾಡಬೇಡಿ

ದೊಡ್ಡ ತಪ್ಪು ಕನ್ನಡ ಅಂಕಿ ಬಳಸುವುದೂ ಅಲ್ಲ, ಬಳಸದಿರುವುದೂ ಅಲ್ಲ. ಎರಡನ್ನೂ ಒಂದೇ ಪುಟದಲ್ಲಿ ಮನಸ್ಸಿಗೆ ಬಂದಂತೆ ಕಲಸುವುದು. ೦, ೨, ೩ ಸಾಮಾನ್ಯ ಅಂಕಿಯ 0, 2, 3ರ ಹಾಗೇ ಸ್ವಲ್ಪ ಕಾಣುತ್ತವೆ, ಬೆಲೆಯೂ ಅದೇ, ಹಾಗಾಗಿ ತೊಂದರೆ ಇಲ್ಲ. ತೊಂದರೆ ಬರುವುದು ೪ರಲ್ಲಿ. ಪುಟವೆಲ್ಲ ಸಾಮಾನ್ಯ ಅಂಕಿ ಇದ್ದು ಒಂದು ಕಡೆ ‘೪’ ಬಂದರೆ ಓದುವ ಕಣ್ಣು ಅದನ್ನು 8 ಅಂತಲೇ ಹಿಡಿಯುತ್ತದೆ. ಪುಟವೆಲ್ಲ ಕನ್ನಡ ಅಂಕಿ ಇದ್ದರೆ ಆ ಅನುಮಾನ ಹುಟ್ಟುವುದೇ ಇಲ್ಲ.

ಒಂದೇ ಒಂದು ವಿನಾಯಿತಿ ಇರಲಿ. ಪತ್ರದ ಅಂಕಿಗಳೆಲ್ಲ ಕನ್ನಡದಲ್ಲಿದ್ದರೂ ಮೇಲೆ ಹೇಳಿದ ಖಾತೆ ಸಂಖ್ಯೆ, ಪ್ಯಾನ್ ಇತ್ಯಾದಿ ಸಾಮಾನ್ಯ ಅಂಕಿಯಲ್ಲೇ ಉಳಿಯಬೇಕು. ಇವುಗಳನ್ನು ವಾಕ್ಯದ ನಡುವೆ ಹಾಕದೆ ಪತ್ರದ ಕೊನೆಯಲ್ಲಿ ಒಂದು ಚಿಕ್ಕ ಪಟ್ಟಿಯಾಗಿ ಬೇರೆ ಇಟ್ಟುಬಿಡಿ. ಆಗ ಇದು ಬೆರಕೆ ಅಂತ ಅನ್ನಿಸುವುದಿಲ್ಲ.

ಕೈಬರಹದಲ್ಲಿ ತುಂಬುವ ರಸೀದಿ, ಫಾರಂಗಳಿಗೆ ಇನ್ನೂ ಎರಡು ಎಚ್ಚರಿಕೆ. ೧ರ ಕೆಳಗಿನ ಬಾಯಿ ಮುಚ್ಚಿದರೆ ಅದು ೦ ಆಗುತ್ತದೆ. ೩ಕ್ಕೆ ಕೆಳಗೊಂದು ಬಾಲ ಎಳೆದರೆ ೬ ಆಗುತ್ತದೆ. ಅವಸರದಲ್ಲಿ ಬರೆಯುವಾಗ ಇದು ತಾನಾಗೇ ಆಗಬಹುದು, ಬೇಕೆಂದೇ ತಿದ್ದುವವರಿಗೂ ಇದೇ ದಾರಿ. ಕೈಯಲ್ಲಿ ಬರೆಯುವ ಹಣದ ಮೊತ್ತಕ್ಕೆ ನಾನಂತೂ ಸಾಮಾನ್ಯ ಅಂಕಿಯನ್ನೇ ಹೇಳುತ್ತೇನೆ. ಅಲ್ಲೂ 1ನ್ನು 7 ಮಾಡುವವರಿದ್ದಾರೆ ಅನ್ನುವುದು ಬೇರೆ ಮಾತು.

ಪುಟ ಸಂಖ್ಯೆ, ಕಲಮಿನ ಸಂಖ್ಯೆಗಳ ಬಗ್ಗೆಯೂ ಮೊದಲೇ ಯೋಚಿಸಿ. ಇವನ್ನು ತಂತ್ರಾಂಶ ತಾನೇ ಹಾಕಿದರೆ ಸಾಮಾನ್ಯವಾಗಿ 1, 2, 3 ಅಂತಲೇ ಬರುತ್ತವೆ. ಕನ್ನಡ ಅಂಕಿ ಬೇಕೆಂದು ಕೈಯಲ್ಲೇ ಟೈಪ್ ಮಾಡಿದಿರಿ ಅಂದುಕೊಳ್ಳಿ. ಕಡೇ ಗಳಿಗೆಯಲ್ಲಿ ಮಾಲೀಕರು ‘ನೀರಿನ ಬಿಲ್ಲಿನದ್ದು ಒಂದು ಕಲಮು ಸೇರಿಸಿ’ ಅಂದರೆ ಅದರ ಮುಂದಿನ ಎಲ್ಲ ಸಂಖ್ಯೆಗಳನ್ನೂ ಒಂದೊಂದಾಗಿ ಬದಲಿಸಬೇಕು. ‘ಮೇಲಿನ ೭ನೇ ಕಲಮಿನಂತೆ’ ಎಂಬ ಉಲ್ಲೇಖ ಎಲ್ಲೋ ಒಂದು ಕಡೆ ಹಾಗೇ ಉಳಿದುಬಿಡುತ್ತದೆ. ಆದ್ದರಿಂದ ಕಲಮುಗಳ ಕರಡು ಪೂರ್ತಿ ಒಪ್ಪಿಗೆಯಾಗುವವರೆಗೆ ತಂತ್ರಾಂಶದ ಸಂಖ್ಯೆಯೇ ಇರಲಿ.

ಹೆಜ್ಜೆ 3: ಅಂಕಿ ಬದಲಿಸುವ ಮೊದಲು ಕಡತವನ್ನು ಶುದ್ಧ ಮಾಡಿ

ಯಾರದೋ ಹಳೆಯ ಕರಾರನ್ನು ತಂದು ಹೆಸರು, ಮೊತ್ತ ಬದಲಿಸುವುದೇ ನಮ್ಮಲ್ಲಿ ಜಾಸ್ತಿ. ಆ ಕಡತದಲ್ಲಿ ಮೂರು ಬಗೆಯ ಕಸ ಇರುತ್ತದೆ.

ಮೊದಲನೆಯದು ಸೊನ್ನೆ ಮತ್ತು ಅನುಸ್ವಾರದ ಗೊಂದಲ. ‘ಬೆಂಗಳೂರು’ ಎಂಬಲ್ಲಿ ಇರಬೇಕಾದ್ದು ಅನುಸ್ವಾರ, ಅಂದರೆ ಂ. ಎಷ್ಟೋ ಜನ ಅದರ ಬದಲು ಅಂಕಿಯ ೦ ಒತ್ತಿ ‘ಬೆ೦ಗಳೂರು’ ಅಂತ ಬರೆದಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್‌ನಲ್ಲಿ ಅನುಸ್ವಾರ U+0C82, ಸೊನ್ನೆ U+0CE6, ಎರಡೂ ಬೇರೆ ಬೇರೆ. ಎರಡನೆಯದು ಅರ್ಕಾವೊತ್ತು. ‘ಕಾರ್ಯಕ್ರಮ’ ಬರೆಯಲು ಅರ್ಕಾವೊತ್ತು ಸಿಗದೆ ಅಂಕಿಯ ೯ ಹಾಕಿ ‘ಕಾಯ೯ಕ್ರಮ’ ಮಾಡಿರುತ್ತಾರೆ.

ಇವುಗಳನ್ನು ಸರಿಮಾಡದೆ ‘೦ ಇದ್ದಲ್ಲೆಲ್ಲ 0 ಮಾಡು, ೯ ಇದ್ದಲ್ಲೆಲ್ಲ 9 ಮಾಡು’ ಅಂತ ಕಂಪ್ಯೂಟರಿಗೆ ಹೇಳಿದರೆ ‘ಬೆ0ಗಳೂರು’, ‘ಕಾಯ9ಕ್ರಮ’ ಸಿಗುತ್ತದೆ. ಛಾಪಾ ಕಾಗದದ ಮೇಲೆ ಅಚ್ಚಾದ ಮೇಲೆ ಇದು ಕಂಡರೆ ಕಾಗದದ ದುಡ್ಡೂ ಹೋಯಿತು.

ಕಂಡುಹಿಡಿಯುವುದು ಸುಲಭ. ಲಿಬ್ರೆಆಫೀಸ್ ರೈಟರ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ Regular expressions ಗುರುತು ಹಾಕಿ ಇದನ್ನು ಹುಡುಕಿ:

```
[ಅ-ೌ][೦೯]
```

ಅಕ್ಷರಕ್ಕೆ ಅಂಟಿಕೊಂಡ ಅಂಕಿ ೦ ಅಥವಾ ೯ ಎಲ್ಲಿದ್ದರೂ ಇದು ತೋರಿಸುತ್ತದೆ. ಒಂದೊಂದಾಗಿ ನೋಡಿ ಸರಿಮಾಡಿ. ‘ರೂ೯೦೦’ ಎಂದು ಚುಕ್ಕಿ, ಜಾಗ ಬಿಡದೆ ಬರೆದಿದ್ದರೆ ಅದೂ ಸಿಕ್ಕಿಬೀಳುತ್ತದೆ. ಅದನ್ನು ‘ರೂ. ೯೦೦’ ಮಾಡಿ. ಇದಾದ ಮೇಲೆ, ಒಂದೇ ಸಂಖ್ಯೆಯೊಳಗೆ ಎರಡು ಬಗೆಯ ಅಂಕಿ ಸೇರಿದೆಯಾ ಅಂತ ನೋಡಲು:

```
[೦-೯][0-9]|[0-9][೦-೯]
```

ಮೂರನೆಯ ಕಸ ಯೂನಿಕೋಡ್‌ಗಿಂತ ಹಿಂದಿನದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಸಾಮಾನ್ಯ 1, 2, 3. ಅದು ಪರದೆಯ ಮೇಲೆ ಕನ್ನಡ ಅಂಕಿಯಾಗಿ ಕಾಣಬೇಕೋ ಬೇಡವೋ ಅನ್ನುವುದನ್ನು ಫಾಂಟ್ ತೀರ್ಮಾನಿಸುತ್ತದೆ. ಹೆಸರಿನ ಕೊನೆಯಲ್ಲಿ k ಇದ್ದರೆ ಕನ್ನಡ ಅಂಕಿ, e ಇದ್ದರೆ ಸಾಮಾನ್ಯ ಅಂಕಿ. ಇಂಥ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ನಿನ್ನೆವರೆಗೆ ೧೮,೫೦೦ ಆಗಿದ್ದದ್ದು 18,500 ಆಗಿ ಹೊರಬರಬಹುದು. ಮೊತ್ತ ತಪ್ಪಿಲ್ಲ, ಗಾಬರಿ ಬೇಡ. ಆದರೆ ಪರಿವರ್ತಿಸಿದ ತುಣುಕನ್ನು ಬೇರೆ ಕಡತಕ್ಕೆ ಅಂಟಿಸಿದಾಗ ಬೆರಕೆ ಶುರುವಾಗುವುದು ಇಲ್ಲಿಂದಲೇ.

ಇನ್ನು ಲೆಕ್ಕದ ಹಾಳೆ. ಎಕ್ಸೆಲ್‌ನಲ್ಲಿ ೧೮೫೦೦ ಅಂತ ಟೈಪ್ ಮಾಡಿದರೆ ಸಾಮಾನ್ಯವಾಗಿ ಅದನ್ನು ಬರಹ ಅಂತಲೇ ಅದು ತಿಳಿಯುತ್ತದೆ. ಸಂಖ್ಯೆ ಅಂದುಕೊಳ್ಳುವುದಿಲ್ಲ. ಕೂಡುವ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ತಪ್ಪು ಅಂತಲೂ ಹೇಳುವುದಿಲ್ಲ. ಅನುಮಾನ ಬಂದ ಕೋಶಕ್ಕೆ ಈ ಪರೀಕ್ಷೆ ಮಾಡಿ, FALSE ಬಂದರೆ ಅದು ಸಂಖ್ಯೆಯಲ್ಲ:

```
=ISNUMBER(A2)
```

ಲೆಕ್ಕವನ್ನು ಯಾವಾಗಲೂ ಸಾಮಾನ್ಯ ಅಂಕಿಯಲ್ಲೇ ಮಾಡಿ. ಕನ್ನಡ ಅಂಕಿ ಬೇಕಿದ್ದರೆ ಅಚ್ಚಿಗೆ ಹೋಗುವ ಕೊನೆಯ ಪ್ರತಿಯಲ್ಲಿ ಮಾತ್ರ ಬದಲಿಸಿ.

ಹೆಜ್ಜೆ 4: ದಿನಾಂಕ

ಭಾರತದಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮ ಎಲ್ಲರಿಗೂ ಗೊತ್ತು. ಸರ್ಕಾರಿ ಆದೇಶಗಳಲ್ಲಿ ‘ದಿನಾಂಕ: 28.10.2025’ ಅಂತ ಚುಕ್ಕಿ ಕಾಣುತ್ತದೆ, ಬ್ಯಾಂಕಿನ ಕಾಗದದಲ್ಲಿ ‘28-10-2025’ ಅಥವಾ ‘28/10/2025’. ಮೂರೂ ಸರಿ. ಒಂದು ಪತ್ರದಲ್ಲಿ ಒಂದೇ ಇರಲಿ. ನಾನು ಅಡ್ಡಗೆರೆಯನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಚುಕ್ಕಿ ‘10.30ಕ್ಕೆ’ ಎಂದು ಸಮಯ ಬರೆಯುವಲ್ಲೂ ಬರುತ್ತದೆ.

ಒಂದಂಕಿಯ ದಿನ, ತಿಂಗಳಿಗೆ ಮುಂದೆ ಸೊನ್ನೆ ಹಾಕಿ. 1-11-2025 ಎಂದು ಬಿಟ್ಟರೆ ಮುಂದೆ ಒಂದು ಅಂಕಿ ಸೇರಿಸಿ 21-11-2025 ಮಾಡಲು ಜಾಗ ಸಿಗುತ್ತದೆ. 01-11-2025 ಇದ್ದರೆ ಸಿಗುವುದಿಲ್ಲ. ವರ್ಷವನ್ನು ನಾಲ್ಕು ಅಂಕಿಯಲ್ಲೇ ಬರೆಯಿರಿ. ‘25-26’ ಎಂದರೆ ಹಣಕಾಸು ವರ್ಷ ಅಂತ ಓದುವವರೂ ಇದ್ದಾರೆ. ಹಣಕಾಸು ವರ್ಷವೇ ಆದರೆ ‘2025-26ನೇ ಸಾಲಿನ’ ಎಂದು ಬರೆದರೆ ಗೊಂದಲವೇ ಇಲ್ಲ.

ಕರಾರಿನಂಥ ಕಾಗದದಲ್ಲಿ ಮುಖ್ಯ ದಿನಾಂಕಗಳಿಗೆ ತಿಂಗಳ ಹೆಸರನ್ನೂ ಸೇರಿಸುವುದು ಒಳ್ಳೆಯದು. 05-04-2026 ಅಂದರೆ ನಮಗೆ ಏಪ್ರಿಲ್ ಐದು. ಮಾಲೀಕರ ಮಗ ಅಮೆರಿಕದಲ್ಲಿದ್ದು ಅಲ್ಲಿಂದ ಓದಿದರೆ ಮೇ ನಾಲ್ಕು. ಇದೇ ಗೊಂದಲ ಕಂಪ್ಯೂಟರಿಗೂ ಇದೆ. ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ 05-04-2026 ಹಾಕಿದರೆ ಅದು ಮೇ ನಾಲ್ಕು ಅಂತ ಹಿಡಿಯುತ್ತದೆ. 28-10-2025 ಹಾಕಿದರೆ ಇಪ್ಪತ್ತೆಂಟನೇ ತಿಂಗಳು ಇಲ್ಲವಲ್ಲ, ಅದನ್ನು ಬರಹ ಎಂದು ಬಿಟ್ಟುಬಿಡುತ್ತದೆ. ಪತ್ತೆ ಹಚ್ಚಲು ಅಂಕಣವನ್ನು ಒಮ್ಮೆ ನೋಡಿದರೆ ಸಾಕು. ಕೆಲವು ದಿನಾಂಕ ಕೋಶದ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ಆಗಿದೆ. ಬಲಕ್ಕಿರುವವೇ ಜಾಸ್ತಿ ಅಪಾಯಕಾರಿ, ಏಕೆಂದರೆ ಅವು ಸರಿಯಿರುವಂತೆ ಕಾಣುತ್ತವೆ.

ತಿಂಗಳ ಹೆಸರು ಬರೆಯುವಾಗ ‘1 ನವೆಂಬರ್ 2025’ ಅಥವಾ ‘2025ರ ನವೆಂಬರ್ 1’ ಎರಡೂ ಕನ್ನಡಕ್ಕೆ ಸಹಜ. ಎರಡನೆಯದು ವಾಕ್ಯದೊಳಗೆ ಚೆನ್ನಾಗಿ ಹರಿಯುತ್ತದೆ. ‘ಏಪ್ರಿಲ್’, ‘ಎಪ್ರಿಲ್’ ಎರಡೂ ರೂಢಿಯಲ್ಲಿವೆ, ಒಂದನ್ನು ಹಿಡಿದುಕೊಳ್ಳಿ.

ಚುಟುಕು ರೂಪಗಳ ಬಗ್ಗೆ ಎಚ್ಚರ. ‘ದಿ.’ ಅಂದರೆ ದಿನಾಂಕವೂ ಹೌದು, ದಿವಂಗತವೂ ಹೌದು. ಹೆಸರಿನ ಪಕ್ಕದಲ್ಲಿ ಅದು ಬಂದರೆ ಬದುಕಿರುವವರು ಬೇಜಾರಾಗುತ್ತಾರೆ! ‘ತಾ.’ ಅಂದರೆ ತಾರೀಖೂ ಹೌದು, ತಾಲ್ಲೂಕೂ ಹೌದು. ವಿಳಾಸ, ದಿನಾಂಕ ಎರಡೂ ಇರುವ ಕರಾರಿನಲ್ಲಿ ‘ದಿನಾಂಕ’ ಅಂತ ಪೂರ್ತಿ ಬರೆದುಬಿಡಿ.

ಅವಧಿ ಬರೆಯುವಾಗ ಎರಡೂ ತುದಿ ಹೇಳಿ. ನಮ್ಮ ಕರಾರು 2025ರ ನವೆಂಬರ್ 1ರಂದು ಶುರುವಾದರೆ ಹನ್ನೊಂದು ತಿಂಗಳು ಮುಗಿಯುವುದು 2026ರ ಸೆಪ್ಟೆಂಬರ್ 30ಕ್ಕೆ, ಅಕ್ಟೋಬರ್ 1ಕ್ಕಲ್ಲ. ‘ಎರಡೂ ದಿನ ಸೇರಿ’ ಎಂಬ ಮೂರು ಪದ ಹಾಕಿದರೆ ವಾದಕ್ಕೆ ಜಾಗವಿರುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿಗೆ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ರೂಢಿ ಬಂದದ್ದೇ ಅದರಿಂದ. ಹಾಗಾಗಿ ಕೊನೆಯ ದಿನಾಂಕವನ್ನು ಹಳೆಯ ಕಡತದಿಂದ ನಕಲು ಮಾಡದೆ ಬೆರಳಲ್ಲಿ ಎಣಿಸಿಯೇ ಬರೆಯಿರಿ.

‘ಪ್ರತಿ ತಿಂಗಳ 5ನೇ ತಾರೀಖಿನೊಳಗೆ’ ಎಂಬುದೂ ಇದೇ ಜಾತಿಯ ಜಗಳ. ಐದನೇ ತಾರೀಖು ಸೇರಿತಾ, ಇಲ್ಲವಾ? ‘5ನೇ ತಾರೀಖಿನಂದು ಅಥವಾ ಅದಕ್ಕೂ ಮೊದಲು’ ಎಂದರೆ ಮುಗಿಯಿತು.

ಶಕವರ್ಷದ ಬಗ್ಗೆ ಒಂದು ಮಾತು. ರಾಜ್ಯಪತ್ರದ ತಲೆಬರಹದಲ್ಲಿ ಕಾಣುವ ಶಕವರ್ಷ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದ್ದು. ಅದರ ಚೈತ್ರ ಶುರುವಾಗುವುದು ಮಾರ್ಚ್ 22ಕ್ಕೆ, ಅಧಿಕ ವರ್ಷವಾದರೆ 21ಕ್ಕೆ. ಮನೆಯ ಪಂಚಾಂಗದ ಚೈತ್ರ ಯುಗಾದಿಗೆ. 2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ. ವರ್ಷದ ಸಂಖ್ಯೆ ಎರಡರಲ್ಲೂ 1947, ಆದರೆ ತಾರೀಖು ಬೇರೆ. ಗೃಹಪ್ರವೇಶದ ಆಹ್ವಾನದಲ್ಲಿ ‘ಶಾಲಿವಾಹನ ಶಕೆ ೧೯೪೭ನೇ ವಿಶ್ವಾವಸು ನಾಮ ಸಂವತ್ಸರದ’ ಎಂದು ಚೆಂದವಾಗಿ ಬರೆಯಿರಿ. ಬಾಡಿಗೆ ಕರಾರಿಗೆ ಅದು ಬೇಡ.

ಹೆಜ್ಜೆ 5: ಹಣ

ಮೊದಲು ಗುರುತು. ‘₹’ ಚಿಹ್ನೆಯನ್ನು ಕೇಂದ್ರ ಸಂಪುಟ 2010ರ ಜುಲೈನಲ್ಲಿ ಒಪ್ಪಿತು. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದು ಇಲ್ಲ, ಅಚ್ಚಿನಲ್ಲಿ ಖಾಲಿ ಚೌಕ ಬರುತ್ತದೆ. ಕನ್ನಡ ವಾಕ್ಯದೊಳಗೆ ‘ರೂ.’ ಬಹಳ ಸಹಜ, ಎಲ್ಲ ಫಾಂಟಿನಲ್ಲೂ ಬರುತ್ತದೆ. ಪಟ್ಟಿ, ಕೋಷ್ಟಕಗಳಲ್ಲಿ ‘₹’ ಜಾಗ ಉಳಿಸುತ್ತದೆ. ‘₹ ರೂ. 500’ ಎಂದೋ ‘ರೂ. 500 ರೂಪಾಯಿಗಳು’ ಎಂದೋ ಎರಡೆರಡು ಸಲ ಬೇಡ.

‘ರೂ.’ ನಂತರ ಒಂದು ಜಾಗ ಬಿಡುತ್ತೇವಲ್ಲ, ಅಲ್ಲೇ ಸಾಲು ಮುರಿದು ‘ರೂ.’ ಮೇಲಿನ ಸಾಲಿನಲ್ಲಿ, ‘18,500’ ಕೆಳಗಿನ ಸಾಲಿನಲ್ಲಿ ಬೀಳಬಹುದು. ವರ್ಡ್‌ನಲ್ಲಿ ಆ ಜಾಗಕ್ಕೆ Ctrl+Shift+Space ಒತ್ತಿ. ಎರಡೂ ಒಟ್ಟಿಗೇ ಉಳಿಯುತ್ತವೆ.

ಅಲ್ಪವಿರಾಮ ನಮ್ಮ ಲಕ್ಷ, ಕೋಟಿಯ ಕ್ರಮದಲ್ಲಿ ಇರಲಿ: 1,50,000. ತಂತ್ರಾಂಶ ಬಹಳ ಸಲ 150,000 ಅಂತ ಹಾಕುತ್ತದೆ. ಎಕ್ಸೆಲ್‌ನಲ್ಲಿ ಲಕ್ಷದ ಕ್ರಮ ಬರದಿದ್ದರೆ ಕೋಶದ Custom ಮಾದರಿಯಲ್ಲಿ ಇದನ್ನು ಕೊಡಿ:

```
[>=10000000]##\,##\,##\,##0;[>=100000]##\,##\,##0;##,##0
```

ಇದಕ್ಕೊಂದು ಮಿತಿ ಇದೆ. ಲಕ್ಷ ದಾಟಿದ ಋಣ ಸಂಖ್ಯೆಗಳಿಗೆ ಈ ಮಾದರಿ ಲಕ್ಷದ ಅಲ್ಪವಿರಾಮ ಹಾಕುವುದಿಲ್ಲ. ಬಾಡಿಗೆ ಲೆಕ್ಕದಲ್ಲಿ ಅದು ಬರುವುದೂ ಕಡಿಮೆ.

ಮೊತ್ತದ ಕೊನೆಯ ‘/-’ ಕಾಗದದ ಕಾಲದ ಕಾವಲು. ಮುಂದೆ ಇನ್ನೊಂದು ಅಂಕಿ ಸೇರಿಸದಂತೆ ಹಾಕುವ ಅಡ್ಡಗೋಡೆ ಅದು. ಕರಾರು, ರಸೀದಿಯಲ್ಲಿ ಇರಲಿ. ಪೈಸೆ ಬರೆದಿದ್ದರೆ ಅದರ ಅಗತ್ಯವಿಲ್ಲ. ‘18,500.00/-’ ಎಂಬುದು ಅತಿಯಾಯಿತು. ಲೆಕ್ಕದ ಹಾಳೆಯಲ್ಲಂತೂ ‘/-’ ಎಂದೂ ಟೈಪ್ ಮಾಡಬೇಡಿ, ಸಂಖ್ಯೆ ಬರಹವಾಗಿಬಿಡುತ್ತದೆ.

ಈಗ ಅಕ್ಷರದಲ್ಲಿ ಬರೆಯುವ ಮೊತ್ತ. ವರ್ಗಾವಣೀಯ ಲಿಖಿತಗಳ ಕಾಯ್ದೆಯ, ಅಂದರೆ ಚೆಕ್ಕು, ಪ್ರಾಮಿಸರಿ ನೋಟುಗಳ ಕಾನೂನಿನ 18ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಇದ್ದರೆ ಅಕ್ಷರದಲ್ಲಿ ಇರುವುದೇ ಕೊಡಬೇಕಾದ ಮೊತ್ತ. ಬಾಡಿಗೆ ಕರಾರು ಆ ಕಾಯ್ದೆಗೆ ಬರುವುದಿಲ್ಲ, ಆದರೂ ಅದೇ ಶಿಸ್ತು ಇಲ್ಲಿಗೂ ಒಳ್ಳೆಯದು. ಚೆಕ್ಕನ್ನು ಪ್ರಾದೇಶಿಕ ಭಾಷೆಯಲ್ಲಿ ಬರೆಯಲು ರಿಸರ್ವ್ ಬ್ಯಾಂಕ್ ಸೂಚನೆಗಳಲ್ಲೇ ಅವಕಾಶವಿದೆ. ಹಾಗಾಗಿ ಕನ್ನಡದಲ್ಲಿ ಮೊತ್ತ ತಪ್ಪಿಲ್ಲದೆ ಬರೆಯಲು ಬರುವುದು ಅಲ್ಲಿಗೂ ಉಪಯೋಗ.

ಇದಕ್ಕೆ ಮೂರು ರೂಢಿ ಸಾಕು. ಮಾತಿನ ‘ಒಂದೂವರೆ ಲಕ್ಷ’ ಬೇಡ, ‘ಒಂದು ಲಕ್ಷ ಐವತ್ತು ಸಾವಿರ’ ಅಂತ ಬಿಡಿಸಿ ಬರೆಯಿರಿ. ಸಾವಿರದ ಮುಂದೆ ಬೇರೆ ಅಂಕಿ ಇದ್ದರೆ ‘ಸಾವಿರದ’ ಆಗುತ್ತದೆ, ನೂರಿನ ಮುಂದೆ ಇದ್ದರೆ ‘ನೂರ’: ‘ಹದಿನೆಂಟು ಸಾವಿರದ ಐನೂರು’, ‘ನಾಲ್ಕುನೂರ ಇಪ್ಪತ್ತೈದು’. ಕೊನೆಯಲ್ಲಿ ‘ರೂಪಾಯಿ ಮಾತ್ರ’. ನಡುವೆ ಸೊನ್ನೆ ಇರುವ ಮೊತ್ತದಲ್ಲಿ ತಪ್ಪು ಹೆಚ್ಚು. 7,09,050 ಅಂದರೆ ‘ಏಳು ಲಕ್ಷ ಒಂಬತ್ತು ಸಾವಿರದ ಐವತ್ತು’. ಅವಸರದಲ್ಲಿ ಇದು ‘ತೊಂಬತ್ತು ಸಾವಿರ’ ಆಗಿಬಿಡುತ್ತದೆ. ಅಕ್ಷರದಲ್ಲಿ ಬರೆದದ್ದನ್ನು ಇನ್ನೊಬ್ಬರಿಗೆ ಜೋರಾಗಿ ಓದಿ, ಅವರು ಅಂಕಿ ನೋಡದೆ ಕಾಗದದ ಮೇಲೆ ಬರೆಯಲಿ. ಎರಡೂ ತಾಳೆಯಾದರೆ ಸರಿ.

ಶೇಕಡಾವಾರು ಬಂದಲ್ಲಿ ಬರೀ ‘ಶೇ. 5ರಷ್ಟು ಹೆಚ್ಚಳ’ ಎಂದು ಬಿಡಬೇಡಿ, ಬರುವ ಮೊತ್ತವನ್ನೂ ಬರೆಯಿರಿ. 18,500ಕ್ಕೆ ಶೇ. 5 ಅಂದರೆ 925, ಹೊಸ ಬಾಡಿಗೆ 19,425. ಇದನ್ನು ಈಗಲೇ ಬರೆಯದಿದ್ದರೆ ಮುಂದಿನ ವರ್ಷ ಒಬ್ಬರು 19,400 ಅನ್ನುತ್ತಾರೆ, ಇನ್ನೊಬ್ಬರು 19,500.

ಹೆಜ್ಜೆ 6: ಅಂಕಿಗೆ ಪ್ರತ್ಯಯ ಅಂಟಿಸುವುದು

ಅಂಕಿಗೂ ಪ್ರತ್ಯಯಕ್ಕೂ ನಡುವೆ ಜಾಗ ಬೇಡ, ಅಡ್ಡಗೆರೆಯೂ ಬೇಡ: 2025ರ, 1ರಿಂದ, 30ರವರೆಗೆ, 10ಕ್ಕೆ, 5ನೇ. ಜಾಗ ಬಿಟ್ಟರೆ ‘ರಿಂದ’ ಮುಂದಿನ ಸಾಲಿನಲ್ಲಿ ಒಂಟಿಯಾಗಿ ಬೀಳುತ್ತದೆ.

ಹಣದ ಮೊತ್ತಕ್ಕೆ ಮಾತ್ರ ಪ್ರತ್ಯಯ ಅಂಟಿಸದಿರುವುದು ಮೇಲು. ‘ರೂ. 18,500/-ಗಳನ್ನು’ ಎಂಬುದು ಓದಲೂ ಕಷ್ಟ, ಆವರಣದಲ್ಲಿ ಅಕ್ಷರದ ಮೊತ್ತ ಬಂದ ಮೇಲೆ ಇನ್ನೂ ಕಷ್ಟ. ಮೊತ್ತದ ಮುಂದೆ ಒಂದು ನಾಮಪದ ಇಟ್ಟು ಪ್ರತ್ಯಯವನ್ನು ಅದಕ್ಕೆ ಕೊಟ್ಟುಬಿಡಿ: ‘ರೂ. 18,500/- ಬಾಡಿಗೆಯನ್ನು’, ‘ರೂ. 1,50,000/- ಮುಂಗಡಕ್ಕೆ’.

ಎಲ್ಲ ಸೇರಿಸಿ ಬರೆದಾಗ

ಮೇಲಿನದೆಲ್ಲ ಹೊಂದಿಸಿದರೆ ನಮ್ಮ ಕರಾರಿನ ಮುಖ್ಯ ಭಾಗ ಹೀಗೆ ಬರುತ್ತದೆ:

> ಈ ಕರಾರು ಪತ್ರವನ್ನು ದಿನಾಂಕ 28-10-2025ರಂದು (2025ರ ಅಕ್ಟೋಬರ್ 28, ಮಂಗಳವಾರ) ಬೆಂಗಳೂರಿನಲ್ಲಿ ಮಾಡಿಕೊಳ್ಳಲಾಗಿದೆ.
>
> ಬಾಡಿಗೆ ಅವಧಿಯು 01-11-2025ರಿಂದ 30-09-2026ರವರೆಗೆ, ಎರಡೂ ದಿನ ಸೇರಿ, ಒಟ್ಟು 11 (ಹನ್ನೊಂದು) ತಿಂಗಳು.
>
> ಬಾಡಿಗೆದಾರರು ರೂ. 1,50,000/- (ಒಂದು ಲಕ್ಷ ಐವತ್ತು ಸಾವಿರ ರೂಪಾಯಿ ಮಾತ್ರ) ಮುಂಗಡ ಹಣವನ್ನು ಮಾಲೀಕರಿಗೆ ಕೊಟ್ಟಿರುತ್ತಾರೆ. ಇದಕ್ಕೆ ಬಡ್ಡಿ ಇರುವುದಿಲ್ಲ.
>
> ಪ್ರತಿ ತಿಂಗಳು ರೂ. 18,500/- (ಹದಿನೆಂಟು ಸಾವಿರದ ಐನೂರು ರೂಪಾಯಿ ಮಾತ್ರ) ಬಾಡಿಗೆಯನ್ನು ಆಯಾ ತಿಂಗಳ 5ನೇ ತಾರೀಖಿನಂದು ಅಥವಾ ಅದಕ್ಕೂ ಮೊದಲು, ಕೊನೆಯ ಪುಟದ ಪಟ್ಟಿಯಲ್ಲಿರುವ ಬ್ಯಾಂಕ್ ಖಾತೆಗೆ ಕಟ್ಟತಕ್ಕದ್ದು.
>
> ಅವಧಿ ಮುಗಿದ ಮೇಲೆ ಕರಾರು ಮುಂದುವರಿಸಿದರೆ ಬಾಡಿಗೆಯು ಶೇ. 5ರಷ್ಟು ಹೆಚ್ಚಿ, ತಿಂಗಳಿಗೆ ರೂ. 19,425/- (ಹತ್ತೊಂಬತ್ತು ಸಾವಿರದ ನಾಲ್ಕುನೂರ ಇಪ್ಪತ್ತೈದು ರೂಪಾಯಿ ಮಾತ್ರ) ಆಗತಕ್ಕದ್ದು.

ಇದನ್ನೇ ಕನ್ನಡ ಅಂಕಿಯಲ್ಲಿ ಬೇಕೆಂದರೆ ‘ದಿನಾಂಕ ೨೮-೧೦-೨೦೨೫ರಂದು’, ‘ರೂ. ೧,೫೦,೦೦೦/-’ ಎಂದು ಬದಲಿಸಿದರಾಯಿತು. ಅಲ್ಪವಿರಾಮ, ಗೆರೆ, ಪ್ರತ್ಯಯ ಯಾವುದೂ ಬದಲಾಗುವುದಿಲ್ಲ. ಪೈಥಾನ್ ಗೊತ್ತಿರುವವರಿಗೆ ಎರಡು ಸಾಲಿನ ಕೆಲಸ:

```
t = str.maketrans("0123456789", "೦೧೨೩೪೫೬೭೮೯")
print("28-10-2025".translate(t))
```

ಇದನ್ನು ಇಡೀ ಕಡತದ ಮೇಲೆ ಓಡಿಸಬೇಡಿ. ಖಾತೆ ಸಂಖ್ಯೆ, ಮೊಬೈಲ್ ನಂಬರು, ಇಮೇಲ್ ವಿಳಾಸದೊಳಗಿನ ಅಂಕಿಗಳನ್ನೂ ಇದು ತಿರುಗಿಸಿಬಿಡುತ್ತದೆ. ಕೊನೆಯ ಪುಟದ ಪಟ್ಟಿಯನ್ನು ಬಿಟ್ಟು, ಕಲಮುಗಳ ಭಾಗಕ್ಕೆ ಮಾತ್ರ ಬಳಸಿ.

ಛಾಪಾ ಕಾಗದಕ್ಕೆ ಕಳಿಸುವ ಮೊದಲು ಬಿಳಿ ಹಾಳೆಯ ಮೇಲೆ ಒಂದು ಪ್ರತಿ ತೆಗೆದು, ಅದರ ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸ್‌ನಿಂದಲೇ ಅಂಕಿಗಳನ್ನು ಓದಿ ನೋಡಿ. ೪, ೧, ೩, ೬ ಸ್ಪಷ್ಟವಾಗಿ ಕಾಣದಿದ್ದರೆ ಅಕ್ಷರದ ಗಾತ್ರ ಒಂದೆರಡು ಪಾಯಿಂಟ್ ಹೆಚ್ಚಿಸಿ, ಇಲ್ಲವೇ ಫಾಂಟ್ ಬದಲಿಸಿ. ಫಾಂಟ್ ಬದಲಿಸಿದ ಮೇಲೆ ಸಾಲುಗಳು ಜಾರಿರುತ್ತವೆ. ‘ರೂ.’ ಮತ್ತು ಮೊತ್ತ ಇನ್ನೂ ಒಂದೇ ಸಾಲಿನಲ್ಲಿವೆಯಾ ಅಂತ ಮತ್ತೊಮ್ಮೆ ನೋಡಿ, ಆಮೇಲೆ ಪಿಡಿಎಫ್ ಮಾಡಿ ಕಳಿಸಿ. ವರ್ಡ್ ಕಡತವನ್ನೇ ಕಳಿಸಿದರೆ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ₹ ಇದ್ದಲ್ಲೆಲ್ಲ ಚೌಕಗಳು ಬಂದು ಕೂರಬಹುದು.